ಒಂದೇ ಬಿಲ್ ಪುಸ್ತಕದಿಂದ ಕೆಲಸ ನಡೆಯದು: ಇನ್‌ವಾಯ್ಸ್, ರಸೀದಿ ಮತ್ತು ಬಿಲ್ ಆಫ್ ಸಪ್ಲೈ

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ಗೃಹಪ್ರವೇಶದ ಕೆಲಸವೇ ಹೆಚ್ಚು. ಕಳೆದ ವರ್ಷ ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿ ನೋಂದಣಿ ಮಾಡಿಸಿದೆ. ಎಲ್ಲರಿಗೂ ಒಂದೇ ಬಿಲ್ ಪುಸ್ತಕದಲ್ಲಿ ಬರೆದುಕೊಡುತ್ತೇನೆ, ಅದರ ಮೇಲೆ ‘ಇನ್‌ವಾಯ್ಸ್’ ಎಂದು ಅಚ್ಚಾಗಿದೆ. ಈಗ ಒಂದು ಕಂಪನಿ ತನ್ನ ವಾರ್ಷಿಕೋತ್ಸವದ ಫೋಟೊ, ವಿಡಿಯೊ ಕೆಲಸವನ್ನು 60,000 ರೂಪಾಯಿಗೆ ಒಪ್ಪಿಸಿ 20,000 ಮುಂಗಡ ಕೊಟ್ಟಿದೆ. ಮುಂಗಡಕ್ಕೆ ನಾನು ಬರೆದುಕೊಟ್ಟ ಬಿಲ್ ಅನ್ನು ವಾಪಸ್ ಕಳಿಸಿ, ‘18% ಸೇರಿಸಿ ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ’ ಎನ್ನುತ್ತಿದ್ದಾರೆ. ಒಬ್ಬ ಸ್ನೇಹಿತರು ರಸೀದಿ ಸಾಕು ಎನ್ನುತ್ತಾರೆ, ಇನ್ನೊಬ್ಬರು ಬಿಲ್ ಆಫ್ ಸಪ್ಲೈ ಎನ್ನುತ್ತಾರೆ. ಮೂರಕ್ಕೂ ವ್ಯತ್ಯಾಸವೇನು? ನಾನು ಯಾವುದನ್ನು ಕೊಡಬೇಕು?

ಉತ್ತರ: ಮೊದಲು ಒಂದು ಎಚ್ಚರಿಕೆ. ಕಂಪನಿಯವರು ಎಷ್ಟೇ ಒತ್ತಾಯಿಸಲಿ, 18% ಸೇರಿಸಿದ ಟ್ಯಾಕ್ಸ್ ಇನ್‌ವಾಯ್ಸ್ ಮಾತ್ರ ಬರೆಯಬೇಡಿ. ಕಾಂಪೊಸಿಷನ್ ಎಂದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡದೆ, ಮಾರಾಟದ ಮೇಲೆ ಕಡಿಮೆ ದರದ ತೆರಿಗೆಯನ್ನು ಸ್ವಂತ ಜೇಬಿನಿಂದ ಕಟ್ಟುವ ಪದ್ಧತಿ, ಅದರಲ್ಲಿರುವವರೆಗೆ ಆ ಅಧಿಕಾರ ನಿಮಗಿಲ್ಲ. ಈಗ ಬಂದಿರುವ ಮುಂಗಡಕ್ಕೆ ನೀವು ಕೊಡಬೇಕಾದದ್ದು ರಸೀದಿ. ಕೆಲಸ ಮುಗಿದ ಮೇಲೆ ಪೂರ್ತಿ 60,000 ರೂಪಾಯಿಗೆ ಬಿಲ್ ಆಫ್ ಸಪ್ಲೈ. ಉಳಿದ ಹಣ ಕೈಸೇರಿದ ದಿನ ಮತ್ತೊಂದು ರಸೀದಿ. ನಿಮ್ಮ ಇಬ್ಬರು ಸ್ನೇಹಿತರೂ ಅರ್ಧರ್ಧ ಸರಿ ಹೇಳಿದ್ದಾರೆ.

ಈ ಗೊಂದಲಕ್ಕೆ ಕಾರಣವಿದೆ. ನಾವು ಅಂಗಡಿಯಲ್ಲಿ ಬರೆದುಕೊಡುವ ಎಲ್ಲವನ್ನೂ ‘ಬಿಲ್’ ಎಂದು ಕರೆದು ರೂಢಿ. ಆದರೆ ಕಾನೂನು ಅವುಗಳಿಗೆ ಬೇರೆ ಬೇರೆ ಕೆಲಸ ಕೊಟ್ಟಿದೆ. ಟ್ಯಾಕ್ಸ್ ಇನ್‌ವಾಯ್ಸ್ ಎಂದರೆ ‘ಇಷ್ಟು ಬೆಲೆಯ ಸರಕು ಅಥವಾ ಸೇವೆ ಕೊಟ್ಟಿದ್ದೇನೆ, ಅದರ ಮೇಲೆ ನಿಮ್ಮಿಂದ ಇಷ್ಟು ತೆರಿಗೆ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತೇನೆ’ ಎಂಬ ಘೋಷಣೆ. ಬಿಲ್ ಆಫ್ ಸಪ್ಲೈ ಎಂದರೆ ‘ಇಷ್ಟು ಬೆಲೆಯದ್ದನ್ನು ಕೊಟ್ಟಿದ್ದೇನೆ, ಇದರಲ್ಲಿ ನಿಮ್ಮಿಂದ ತೆರಿಗೆ ವಸೂಲು ಮಾಡಿಲ್ಲ’ ಎಂಬುದು. ಇವೆರಡೂ ಮಾರಾಟದ ಕಾಗದಗಳು, ಹಣ ಬಂತೋ ಇಲ್ಲವೋ ಎಂಬುದನ್ನು ಇವು ಹೇಳುವುದೇ ಇಲ್ಲ. ಅದನ್ನು ಹೇಳುವುದು ರಸೀದಿ ಒಂದೇ: ‘ಇಂಥ ದಿನ, ಇಂಥವರಿಂದ, ಇಷ್ಟು ಹಣ ಬಂತು.’ ಆದ್ದರಿಂದ ಇನ್‌ವಾಯ್ಸ್ ಅಥವಾ ಬಿಲ್ ಆಫ್ ಸಪ್ಲೈಯಲ್ಲಿ ಒಂದು ಮಾರಾಟಕ್ಕೆ ಒಂದನ್ನೇ ಆರಿಸಬೇಕಾಗುತ್ತದೆ. ರಸೀದಿ ಎರಡರ ಜೊತೆಗೂ ಬರುತ್ತದೆ, ಹಣ ಎಷ್ಟು ಕಂತಿನಲ್ಲಿ ಬಂದರೆ ಅಷ್ಟು ಸಲ ಬರುತ್ತದೆ.

ಇನ್‌ವಾಯ್ಸೋ ಬಿಲ್ ಆಫ್ ಸಪ್ಲೈಯೋ ಎಂಬುದನ್ನು ಗಿರಾಕಿ ತೀರ್ಮಾನಿಸುವುದಿಲ್ಲ, ನೀವೂ ಮನಸ್ಸಿಗೆ ಬಂದಂತೆ ತೀರ್ಮಾನಿಸುವಂತಿಲ್ಲ. ನಿಮ್ಮ ನೋಂದಣಿ ಯಾವುದು, ನೀವು ಮಾರುವುದಕ್ಕೆ ತೆರಿಗೆ ಇದೆಯೇ ಎಂಬ ಎರಡು ವಿಷಯಗಳು ಅದನ್ನು ನಿರ್ಧರಿಸುತ್ತವೆ. ಸಾಮಾನ್ಯ ನೋಂದಣಿಯವರು ತೆರಿಗೆ ಇರುವ ಸರಕು, ಸೇವೆಗೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕು. ಅವರೇ ಹಾಲು, ತಾಜಾ ತರಕಾರಿ, ಮುದ್ರಿತ ಪುಸ್ತಕದಂಥ ವಿನಾಯಿತಿ ಇರುವ ವಸ್ತು ಮಾರಿದರೆ ಬಿಲ್ ಆಫ್ ಸಪ್ಲೈ. ಕಾಂಪೊಸಿಷನ್‌ನವರು ಏನು ಮಾರಿದರೂ ಬಿಲ್ ಆಫ್ ಸಪ್ಲೈಯೇ. ಇದನ್ನು ಹೇಳುವುದು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 31ನೇ ಸೆಕ್ಷನ್. ನೋಂದಣಿಯೇ ಇಲ್ಲದವರಿಗೆ ಎರಡೂ ಅನ್ವಯಿಸುವುದಿಲ್ಲ. ಅವರು ತಮ್ಮ ಹೆಸರಿನ ಸಾಮಾನ್ಯ ಬಿಲ್ ಕೊಡಬಹುದು, ಅದರಲ್ಲಿ ತೆರಿಗೆಯ ಸಾಲು ಇರಕೂಡದು.

ಕಂಪನಿಯ ಲೆಕ್ಕಿಗರು ನಿಮ್ಮ ಬಿಲ್ ವಾಪಸ್ ಕಳಿಸಿದ್ದು ಕಿರುಕುಳ ಕೊಡಲೆಂದಲ್ಲ. ಅವರ ಕಷ್ಟವೂ ನಿಮಗೆ ಗೊತ್ತಿರಲಿ. ಕಂಪನಿ ತಾನು ಕೊಂಡದ್ದರ ಮೇಲೆ ಕಟ್ಟಿದ ತೆರಿಗೆಯನ್ನು ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ, ಇದೇ ಇನ್‌ಪುಟ್ ಕ್ರೆಡಿಟ್. ಅದಕ್ಕೆ ಕೈಯಲ್ಲಿ ಟ್ಯಾಕ್ಸ್ ಇನ್‌ವಾಯ್ಸ್ ಇರಬೇಕು. ಜೊತೆಗೆ ಮಾರಿದವರು ತಮ್ಮ ಜಿಎಸ್‌ಟಿಆರ್-1 ರಿಟರ್ನ್ಸ್‌ನಲ್ಲಿ ಅದನ್ನು ತೋರಿಸಿ, ಅದು ಕಂಪನಿಯ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕು. ‘ಇನ್‌ವಾಯ್ಸ್’ ಎಂದು ಅಚ್ಚಾಗಿದ್ದೂ ತೆರಿಗೆ ಇಲ್ಲದ ನಿಮ್ಮ ಕಾಗದ ನೋಡಿ, ನೀವು ಸಾಮಾನ್ಯ ನೋಂದಣಿಯವರು, ತೆರಿಗೆ ಬರೆಯಲು ಮರೆತಿದ್ದೀರಿ ಎಂದುಕೊಂಡಿರಬೇಕು. ಆ ಒಂದು ಪದವೇ ಅವರ ದಾರಿ ತಪ್ಪಿಸಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಜಿಎಸ್‌ಟಿಐಎನ್ ಎಂಬ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ತೆರಿಗೆದಾರರ ಬಗೆ ಕಾಂಪೊಸಿಷನ್ ಎಂದು ತೋರಿಸುತ್ತದೆ. ಆ ಪುಟವನ್ನು ಅವರಿಗೆ ಕಳಿಸಿ, ವಾದ ಅಲ್ಲಿಗೇ ಮುಗಿಯುತ್ತದೆ.

ಹಾಗಿದ್ದರೂ ‘ಅವರಿಗೆ ಬೇಕಂತೆ, ಬರೆದುಕೊಟ್ಟರಾಯಿತು, ತೆರಿಗೆಯನ್ನು ಹೇಗೋ ಕಟ್ಟಿಬಿಡೋಣ’ ಎಂದು ಯಾರಾದರೂ ನಿಮಗೆ ಹೇಳಿಕೊಟ್ಟಾರು. ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. 60,000ದ ಮೇಲೆ 10,800 ರೂಪಾಯಿ ತೆರಿಗೆ ಎಂದು ವಸೂಲು ಮಾಡುತ್ತೀರಿ. ಕಾಂಪೊಸಿಷನ್‌ನವರು ಜಿಎಸ್‌ಟಿಆರ್-1 ಸಲ್ಲಿಸುವುದಿಲ್ಲ. ಅವರದ್ದು ಮೂರು ತಿಂಗಳಿಗೊಮ್ಮೆ ಸಿಎಂಪಿ-08, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4. ಆದ್ದರಿಂದ ನಿಮ್ಮ ಇನ್‌ವಾಯ್ಸ್ ಕಂಪನಿಯ ಪಟ್ಟಿಯಲ್ಲಿ ಎಂದೂ ಕಾಣಿಸುವುದಿಲ್ಲ, ಅವರಿಗೆ ಕ್ರೆಡಿಟ್ ಸಿಗುವುದಿಲ್ಲ. ಎರಡು ಮೂರು ತಿಂಗಳಲ್ಲಿ ಅವರು 10,800 ವಾಪಸ್ ಕೇಳುತ್ತಾರೆ. ಅಷ್ಟರಲ್ಲಿ ಕಾನೂನಿನ ಕಡೆಯಿಂದಲೂ ನೀವು ಸಿಕ್ಕಿಹಾಕಿಕೊಂಡಿರುತ್ತೀರಿ: ತೆರಿಗೆ ಎಂದು ಹೇಳಿ ಯಾರಿಂದಲಾದರೂ ಪಡೆದ ಹಣವನ್ನು, ಪಡೆಯುವ ಅಧಿಕಾರ ಇರಲಿ ಇಲ್ಲದಿರಲಿ, ಪೂರ್ತಿಯಾಗಿ ಸರ್ಕಾರಕ್ಕೆ ಕಟ್ಟಲೇಬೇಕು. ಕಟ್ಟದೆ ಮೂರು ತಿಂಗಳು ದಾಟಿದರೆ 10,000 ರೂಪಾಯಿ ಅಥವಾ ಆ ತೆರಿಗೆಯಷ್ಟು ದಂಡ, ಯಾವುದು ಹೆಚ್ಚೋ ಅದು. ಇದಲ್ಲದೆ ನಿಮ್ಮ ಕಾಂಪೊಸಿಷನ್ ಸೌಲಭ್ಯವೇ ಪ್ರಶ್ನೆಗೆ ಒಳಗಾಗಬಹುದು. ಗಿರಾಕಿಯನ್ನು ಸಂತೋಷಪಡಿಸಲು ಹೋಗಿ ಇಷ್ಟನ್ನು ತಲೆಗೆ ಎಳೆದುಕೊಳ್ಳಬೇಡಿ.

ಈಗ ನಿಮ್ಮ ಕೆಲಸವನ್ನೇ ಹಿಡಿದು ಒಂದೊಂದು ಕಾಗದವನ್ನೂ ಬರೆಯೋಣ.

ಮುಂಗಡದ 20,000ಕ್ಕೆ ನೀವು ಕೊಟ್ಟಿದ್ದ ಬಿಲ್ ಅವರು ವಾಪಸ್ ಕಳಿಸಿದ್ದು ಒಳ್ಳೆಯದೇ ಆಯಿತು. ಅದರ ಎರಡು ಪ್ರತಿಗಳ ಮೇಲೂ ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ, ಹರಿದು ಎಸೆಯಬೇಡಿ. ಸಂಖ್ಯೆಯ ಸಾಲಿನಲ್ಲಿ ಒಂದು ಹಾಳೆ ಇಲ್ಲ ಎಂದರೆ ಮುಂದೆ ಯಾರಾದರೂ ಲೆಕ್ಕ ನೋಡುವಾಗ ಆ ಹಾಳೆಯ ಮಾರಾಟವನ್ನು ಮುಚ್ಚಿಟ್ಟಿದ್ದೀರಿ ಎಂಬ ಅನುಮಾನಕ್ಕೆ ದಾರಿಯಾಗುತ್ತದೆ. ಅದರ ಬದಲು ಮುಂಗಡದ ರಸೀದಿ ಬರೆಯಿರಿ. ಅದರಲ್ಲಿ ನಿಮ್ಮ ಸ್ಟುಡಿಯೊದ ಹೆಸರು, ವಿಳಾಸ, ಜಿಎಸ್‌ಟಿಐಎನ್, ರಸೀದಿ ಸಂಖ್ಯೆ, ದಿನಾಂಕ, ಕಂಪನಿಯ ಹೆಸರು, ವಿಳಾಸ ಮತ್ತು ಅವರ ಜಿಎಸ್‌ಟಿಐಎನ್ ಇರಲಿ. ಹಣ ಯಾವ ಕೆಲಸಕ್ಕೆ ಬಂತು ಎಂಬುದನ್ನು ಬಿಡಿಸಿ ಬರೆಯಿರಿ: ‘ಇಂಥ ದಿನಾಂಕದ ವಾರ್ಷಿಕೋತ್ಸವದ ಛಾಯಾಗ್ರಹಣ ಮತ್ತು ವಿಡಿಯೊ ಕೆಲಸಕ್ಕೆ ಒಪ್ಪಿದ 60,000 ರೂಪಾಯಿಯಲ್ಲಿ ಮುಂಗಡ 20,000, ಅಕ್ಷರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಮಾತ್ರ.’ ಹಣ ಹೇಗೆ ಬಂತು ಎಂಬುದನ್ನು ಮರೆಯಬೇಡಿ. ಯುಪಿಐ ಆದರೆ ವಹಿವಾಟಿನ ಉಲ್ಲೇಖ ಸಂಖ್ಯೆ, ಚೆಕ್ ಆದರೆ ಚೆಕ್ ಸಂಖ್ಯೆ ಮತ್ತು ‘ಚೆಕ್ ನಗದಾಗುವುದಕ್ಕೆ ಒಳಪಟ್ಟು’ ಎಂಬ ಮಾತು. ತೆರಿಗೆಯ ಸಾಲು ಬೇಡ.

‘ಫೋನಿನಲ್ಲಿ ಹಣ ಬಂದಿದೆ, ಬ್ಯಾಂಕಿನಲ್ಲಿ ದಾಖಲೆ ಇದೆ, ರಸೀದಿ ಏಕೆ’ ಎಂದು ಹಲವರು ಕೇಳುತ್ತಾರೆ. ಬ್ಯಾಂಕಿನ ದಾಖಲೆ ಹಣ ಬಂದದ್ದನ್ನು ಹೇಳುತ್ತದೆ, ಯಾವುದಕ್ಕೆ ಬಂತು ಎಂದು ಹೇಳುವುದಿಲ್ಲ. ಒಂದೇ ಕಂಪನಿ ನಿಮಗೆ ಎರಡು ಕೆಲಸ ಕೊಟ್ಟು, ಒಂದರ ಬಾಕಿ ಮತ್ತು ಇನ್ನೊಂದರ ಮುಂಗಡ ಒಂದೇ ವಾರ ಹಾಕಿದಾಗ ಜಗಳ ಹುಟ್ಟುವುದು ಅಲ್ಲೇ. ನಗದು ಪಡೆದಾಗಲಂತೂ ರಸೀದಿ ಇಬ್ಬರಿಗೂ ರಕ್ಷೆ. 5,000 ರೂಪಾಯಿಗಿಂತ ಹೆಚ್ಚಿನ ಹಣದ ರಸೀದಿಗೆ 1 ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಅಡ್ಡಲಾಗಿ ಸಹಿ ಹಾಕಬೇಕು. ಇದು ಜಿಎಸ್‌ಟಿಗೆ ಸೇರಿದ್ದಲ್ಲ, 1899ರ ಸ್ಟಾಂಪ್ ಕಾಯ್ದೆಯ ನಿಯಮ.

ಕಾರ್ಯಕ್ರಮ ಮುಗಿದು ಫೋಟೊ, ವಿಡಿಯೊ ಒಪ್ಪಿಸಿದ ಮೇಲೆ ಬಿಲ್ ಆಫ್ ಸಪ್ಲೈ. ಸೇವೆಗೆ ಕಾನೂನು ಕೊಟ್ಟಿರುವ ಅವಧಿ 30 ದಿನ, ಆದರೆ ಅಷ್ಟು ಕಾಯುವ ಅಗತ್ಯವಿಲ್ಲ. ಹಾಳೆಯ ತಲೆಯಲ್ಲಿ ‘ಬಿಲ್ ಆಫ್ ಸಪ್ಲೈ’ ಎಂದೇ ಇರಬೇಕು. ಅದರ ಮೇಲ್ಭಾಗದಲ್ಲಿ ತಾವು ಕಾಂಪೊಸಿಷನ್ ತೆರಿಗೆದಾರರು, ಸರಬರಾಜಿನ ಮೇಲೆ ತೆರಿಗೆ ವಸೂಲು ಮಾಡಲು ಅರ್ಹರಲ್ಲ ಎಂಬ ಘೋಷಣೆ ಕಡ್ಡಾಯ. ಇದನ್ನು ಬಿಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ, ಅದೂ ಎರಡು ಸಾಲು ಅಚ್ಚು ಹಾಕಿಸುವ ಸೋಮಾರಿತನಕ್ಕೆ. ನಿಮ್ಮ ಸ್ಟುಡಿಯೊದ ಫಲಕದ ಮೇಲೂ ಕಾಂಪೊಸಿಷನ್ ತೆರಿಗೆದಾರರು ಎಂದು ಎದ್ದು ಕಾಣುವಂತೆ ಬರೆಸಬೇಕೆಂಬ ನಿಯಮವಿದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಆ ಹಾಳೆಯ ಒಳಗೆ ಸೇವೆಯ ವಿವರ, ಅದರ ಕೋಡ್, ಮೊತ್ತ 60,000. ಅದರ ಕೆಳಗೆ ‘ಇಂಥ ಸಂಖ್ಯೆಯ ರಸೀದಿಯ ಮೂಲಕ ಬಂದ ಮುಂಗಡ 20,000, ಬಾಕಿ 40,000’ ಎಂದು ಬರೆಯಿರಿ. ಬಿಲ್ಲಿನ ಮೊತ್ತ 60,000 ಆಗಿಯೇ ಇರಬೇಕು, 40,000ಕ್ಕೆ ಬಿಲ್ ಬರೆಯಬೇಡಿ. ಏಕೆಂದರೆ ನಿಮ್ಮ ಮಾರಾಟ 60,000, ಮುಂಗಡ ಎನ್ನುವುದು ಆ ಮಾರಾಟದ ಹಣ ಮೊದಲೇ ಬಂದದ್ದು ಅಷ್ಟೇ. ಕೊನೆಗೆ ನಿಮ್ಮ ಅಥವಾ ನಿಮ್ಮ ಪರವಾಗಿ ಸಹಿ ಹಾಕುವವರ ಸಹಿ.

ಬಾಕಿ 40,000 ಬಂದ ದಿನ ಎರಡನೆಯ ರಸೀದಿ. ಇಲ್ಲೊಂದು ಸಣ್ಣ ವಿಷಯ ಬಹಳ ಜನರನ್ನು ಕಾಡುತ್ತದೆ. ಕಂಪನಿ ಆದಾಯ ತೆರಿಗೆಯ ಟಿಡಿಎಸ್ ಹಿಡಿದುಕೊಂಡು 40,000ಕ್ಕಿಂತ ಕಡಿಮೆ ಹಾಕಬಹುದು. ಆಗ ಬಿಲ್ ತಿದ್ದಲು ಹೋಗಬೇಡಿ. ಬಿಲ್ 60,000 ಆಗಿಯೇ ಉಳಿಯುತ್ತದೆ, ರಸೀದಿ ಖಾತೆಗೆ ಬಂದಷ್ಟಕ್ಕೆ, ಹಿಡಿದ ಟಿಡಿಎಸ್ ಎಷ್ಟೆಂದು ರಸೀದಿಯ ಕೆಳಗೆ ಒಂದು ಟಿಪ್ಪಣಿ. ಆ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ನಂತರ ನೋಡಿಕೊಳ್ಳಿ.

ಸಂಖ್ಯೆಗಳ ವಿಷಯ. ಬಿಲ್ ಆಫ್ ಸಪ್ಲೈಗೆ ಒಂದು ಸರಣಿ, ರಸೀದಿಗೆ ಬೇರೆ ಸರಣಿ ಇಟ್ಟುಕೊಳ್ಳಿ. ಉದಾಹರಣೆಗೆ `BS/25-26/041` ಮತ್ತು `RC/25-26/058`. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಎಲ್ಲ ಸೇರಿ 16ಕ್ಕಿಂತ ಹೆಚ್ಚಿರಬಾರದು, ಒಂದು ಆರ್ಥಿಕ ವರ್ಷದಲ್ಲಿ ಒಂದು ಸಂಖ್ಯೆ ಎರಡು ಸಲ ಬರಬಾರದು. ಏಪ್ರಿಲ್ 1ರಂದು ಹೊಸದಾಗಿ ಒಂದರಿಂದ ಆರಂಭಿಸಬಹುದು.

ಕಂಪನಿಯ ಕೆಲಸವೆಂದ ಮೇಲೆ ಇನ್ನೊಂದು ಅಪಾಯವನ್ನು ಹೇಳಲೇಬೇಕು. ಬಿಲ್ ಯಾರ ಹೆಸರಿಗೆ ಎಂದು ಕೇಳಿದಾಗ ಅವರು ಬೇರೆ ರಾಜ್ಯದಲ್ಲಿರುವ ಪ್ರಧಾನ ಕಚೇರಿಯ ಜಿಎಸ್‌ಟಿಐಎನ್ ಕೊಡಬಹುದು. ಕಾರ್ಯಕ್ರಮ ನಿಮ್ಮ ಊರಿನಲ್ಲೇ ನಡೆದರೂ, ನೋಂದಾಯಿತ ಗಿರಾಕಿಗೆ ಕೊಟ್ಟ ಇಂಥ ಸೇವೆಯನ್ನು ಆ ಗಿರಾಕಿಯ ನೋಂದಣಿ ಎಲ್ಲಿದೆಯೋ ಅಲ್ಲಿಗೆ ಕೊಟ್ಟಂತೆ ಕಾನೂನು ಎಣಿಸುತ್ತದೆ. ಆಗ ಅದು ಅಂತರರಾಜ್ಯ ವಹಿವಾಟಾಗುತ್ತದೆ, ಕಾಂಪೊಸಿಷನ್‌ನವರು ಅಂತರರಾಜ್ಯ ಮಾರಾಟ ಮಾಡುವಂತಿಲ್ಲ. ಒಂದೇ ಒಂದು ಬಿಲ್‌ನಿಂದ ನಿಮ್ಮ ಅರ್ಹತೆಯೇ ಹೋದೀತು. ಕರ್ನಾಟಕದ ಜಿಎಸ್‌ಟಿಐಎನ್ 29ರಿಂದ ಆರಂಭವಾಗುತ್ತದೆ. ಅವರು ಕೊಡುವ ಸಂಖ್ಯೆಯ ಮೊದಲ ಎರಡು ಅಂಕಿ 29 ಅಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಕರ್ನಾಟಕದ ಶಾಖೆಯ ಸಂಖ್ಯೆ ಕೇಳಿ, ಕೆಲಸದ ಆದೇಶವೂ ಆ ಶಾಖೆಯಿಂದಲೇ ಬರಲಿ.

ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ಅನ್ನಿಸುತ್ತದೆ: ಮುಂದೆಯೂ ಕಂಪನಿಗಳ ಕೆಲಸ ಬಂದರೆ ಈ ಬಿಲ್ ಆಫ್ ಸಪ್ಲೈ ನಡೆಯುತ್ತದೆಯೇ? ಇದಕ್ಕೆ ಉತ್ತರ ಲೆಕ್ಕದಲ್ಲೇ ಇದೆ, ಆ ಲೆಕ್ಕವನ್ನು ನೀವು ಕುಳಿತು ಮಾಡಲೇಬೇಕು.

ಕಾಂಪೊಸಿಷನ್‌ನಲ್ಲಿ ನಿಮ್ಮಂಥ ಸೇವೆಯವರಿಗೆ ದರ 6%, ಅದನ್ನು ಗಿರಾಕಿಯಿಂದ ಕೇಳುವಂತಿಲ್ಲ, ಸ್ವಂತ ಜೇಬಿನಿಂದ ಕಟ್ಟಬೇಕು. ಈ ಕೆಲಸದ 60,000ದಲ್ಲಿ 3,600 ಹೋಗಿ ನಿಮಗೆ 56,400 ಉಳಿಯುತ್ತದೆ. ನೀವು ಸಾಮಾನ್ಯ ನೋಂದಣಿಯಲ್ಲಿದ್ದರೆ 60,000 ಜೊತೆ 18% ಎಂದು 10,800 ಸೇರಿಸಿ 70,800ಕ್ಕೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡುತ್ತಿದ್ದಿರಿ. ಕಂಪನಿಗೆ ಅರ್ಹತೆ ಇದ್ದರೆ ಆ 10,800 ಅದಕ್ಕೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಅದರ ನಿಜವಾದ ಖರ್ಚು ಆಗಲೂ 60,000ವೇ. ನಿಮ್ಮ ಕೈಯಲ್ಲಿ ಪೂರ್ತಿ 60,000 ಉಳಿಯುತ್ತದೆ, ಮೇಲಾಗಿ ಕ್ಯಾಮೆರಾ, ಲೆನ್ಸ್ ಕೊಂಡಾಗ ಕಟ್ಟಿದ ತೆರಿಗೆಯನ್ನು 10,800ರಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್‌ನವರಿಗೆ ಈ ಕಳೆಯುವ ಅವಕಾಶವಿಲ್ಲ.

ಅದೇ 60,000ದ ಕೆಲಸ ಮದುವೆ ಮನೆಯದ್ದು ಎಂದುಕೊಳ್ಳಿ. ಆ ಮನೆಯವರಿಗೆ ಕ್ರೆಡಿಟ್ ಎಂಬುದಿಲ್ಲ. ‘ಒಟ್ಟು ಎಷ್ಟು?’ ಎಂಬುದೊಂದೇ ಅವರ ಪ್ರಶ್ನೆ, 60,000ಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ. ಸಾಮಾನ್ಯ ನೋಂದಣಿಯಲ್ಲಿದ್ದರೆ ಆ 60,000ದೊಳಗೇ 18% ತೆರಿಗೆ ಸೇರಿರುತ್ತದೆ: ತೆರಿಗೆ 9,153 ರೂಪಾಯಿ, ನಿಮಗೆ ಉಳಿಯುವುದು 50,847. ಕಾಂಪೊಸಿಷನ್‌ನಲ್ಲಿ 56,400. ಒಂದು ಮದುವೆಗೇ ಸುಮಾರು ಐದೂವರೆ ಸಾವಿರದ ವ್ಯತ್ಯಾಸ. ವರ್ಷದ ಖರೀದಿಯ ಮೇಲಿನ ಕ್ರೆಡಿಟ್ ಇದನ್ನು ಸ್ವಲ್ಪ ತಗ್ಗಿಸಬಹುದು, ಆದರೆ ನಿಮ್ಮ ಕಸುಬಿನಲ್ಲಿ ಕ್ಯಾಮೆರಾವನ್ನು ಪ್ರತಿ ವರ್ಷ ಕೊಳ್ಳುವುದಿಲ್ಲ.

ಹೀಗಾಗಿ ನಿಮ್ಮ ವರ್ಷದ ದುಡಿಮೆಯಲ್ಲಿ ಮನೆಗಳ ಪಾಲೆಷ್ಟು, ಕಂಪನಿಗಳ ಪಾಲೆಷ್ಟು ಎಂದು ಬರೆದು ನೋಡಿ. ಮನೆಗಳ ಕೆಲಸವೇ ಮುಖ್ಯವಾಗಿದ್ದರೆ ಕಾಂಪೊಸಿಷನ್ ಬಿಡಬೇಡಿ ಎಂಬುದು ನನ್ನ ಸಲಹೆ. ಕಂಪನಿಗೆ ಬಿಲ್ ಆಫ್ ಸಪ್ಲೈ ಕೊಟ್ಟರೆ ಅದಕ್ಕೇನೂ ನಷ್ಟವಿಲ್ಲ, ಅದು ತೆರಿಗೆ ಕಟ್ಟಿಯೇ ಇಲ್ಲವಾದ್ದರಿಂದ ವಾಪಸ್ ಪಡೆಯುವುದೂ ಇಲ್ಲ. ಖರ್ಚು ತೋರಿಸಲು ಬಿಲ್ ಆಫ್ ಸಪ್ಲೈ ಪೂರ್ಣ ಕ್ರಮಬದ್ಧವಾದ ದಾಖಲೆ. ಇದನ್ನು ಅವರ ಲೆಕ್ಕಿಗರಿಗೆ ನಾಲ್ಕು ಸಾಲಿನ ಪತ್ರದಲ್ಲಿ ಬರೆಯಿರಿ. ಒಪ್ಪದವರು ಕಡಿಮೆ.

ಕಂಪನಿಗಳ ಕೆಲಸ ಅರ್ಧಕ್ಕಿಂತ ಹೆಚ್ಚಾಗುವ ಲಕ್ಷಣ ಕಂಡರೆ, ಅಥವಾ ಹೊರರಾಜ್ಯದ ಕೆಲಸ ಬರಲಿದ್ದರೆ, ಸಿಎಂಪಿ-04 ಅರ್ಜಿ ಸಲ್ಲಿಸಿ ಕಾಂಪೊಸಿಷನ್‌ನಿಂದ ಹೊರಬರಬಹುದು. ಹೊರಬರುವ ದಿನಕ್ಕೆ ಮೊದಲೇ ಅರ್ಜಿ ಸಲ್ಲಿಸಬೇಕು. ವರ್ಷದ ನಡುವೆ ಹೊರಬರಲು ಅಡ್ಡಿಯಿಲ್ಲ, ಆದರೆ ಮರಳಿ ಸೇರಲು ಮುಂದಿನ ಆರ್ಥಿಕ ವರ್ಷದ ಆರಂಭಕ್ಕೆ ಕಾಯಬೇಕು. ಮುಂಗಡ ಪಡೆದಿರುವ ಈ ಕೆಲಸವನ್ನಂತೂ ಈಗಿನ ವ್ಯವಸ್ಥೆಯಲ್ಲೇ ಮುಗಿಸಿ. ಒಂದೇ ಕೆಲಸದ ಅರ್ಧ ಹಣ ಒಂದು ಪದ್ಧತಿಯಲ್ಲಿ, ಅರ್ಧ ಇನ್ನೊಂದರಲ್ಲಿ ಬಂದರೆ ಲೆಕ್ಕ ಗೋಜಲಾಗುತ್ತದೆ.

ಹೊರಬಂದ ಮೇಲೆ ಈ ಮೂರು ಕಾಗದಗಳ ಸ್ವರೂಪ ಹೇಗೆ ಬದಲಾಗುತ್ತದೆ ಎಂಬುದನ್ನು ಇದೇ ಅಂಕಿಗಳಲ್ಲಿ ತೋರಿಸುತ್ತೇನೆ, ಏಕೆಂದರೆ ಸಾಮಾನ್ಯ ನೋಂದಣಿಯ ಸೇವೆಯವರು ಅತಿ ಹೆಚ್ಚು ಎಡವುವ ಜಾಗ ಇಲ್ಲಿದೆ. ಸೇವೆಯ ಮುಂಗಡ ಬಂದಾಗಲೇ ಅದರ ಮೇಲೆ ತೆರಿಗೆ ಕಟ್ಟಬೇಕು. ನವೆಂಬರ್‌ನಲ್ಲಿ ಮುಂಗಡ 20,000 ಜೊತೆ ತೆರಿಗೆ 3,600, ಒಟ್ಟು 23,600 ಬಂತು ಎನ್ನಿ. ಆಗ ಕೊಡುವ ರಸೀದಿಗೆ ಕಾನೂನಿನಲ್ಲಿ ರಿಸೀಟ್ ವೋಚರ್ ಎಂದು ಹೆಸರು. ಅದರಲ್ಲಿ ಈಗ ತೆರಿಗೆಯ ಸಾಲು ಇರಬೇಕು: ಕೇಂದ್ರದ್ದು 1,800, ರಾಜ್ಯದ್ದು 1,800. ಆ 3,600ನ್ನು ನವೆಂಬರ್ ತಿಂಗಳ ಲೆಕ್ಕದಲ್ಲೇ ಕಟ್ಟುತ್ತೀರಿ. ಡಿಸೆಂಬರ್‌ನಲ್ಲಿ ಕೆಲಸ ಮುಗಿದಾಗ ಇನ್‌ವಾಯ್ಸ್ ಪೂರ್ತಿ 60,000ಕ್ಕೆ, ತೆರಿಗೆ 10,800. ಮೊದಲೇ ಕಟ್ಟಿದ 3,600ನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಂಡು ಉಳಿದ 7,200 ಕಟ್ಟುತ್ತೀರಿ.

ಎಡವುವುದು ಹೀಗೆ. ‘20,000ಕ್ಕೆ ಆಗಲೇ ಕಾಗದ ಕೊಟ್ಟಾಗಿದೆಯಲ್ಲ’ ಎಂದುಕೊಂಡು ಇನ್‌ವಾಯ್ಸ್ ಅನ್ನು ಬಾಕಿ 40,000ಕ್ಕೆ, 7,200 ತೆರಿಗೆಯೊಂದಿಗೆ ಬರೆಯುತ್ತಾರೆ. ಸರ್ಕಾರಕ್ಕೆ ಒಟ್ಟು 10,800 ಸಂದಾಯವಾಗಿಯೇ ಇರುತ್ತದೆ, ಆದರೂ ಕಂಪನಿಗೆ 3,600 ಕ್ರೆಡಿಟ್ ಸಿಗುವುದಿಲ್ಲ. ರಿಸೀಟ್ ವೋಚರ್ ಆಧಾರದ ಮೇಲೆ ಯಾರೂ ಕ್ರೆಡಿಟ್ ಪಡೆಯುವಂತಿಲ್ಲ, ಅದಕ್ಕೆ ಇನ್‌ವಾಯ್ಸೇ ಬೇಕು. ರಸೀದಿಗೂ ಇನ್‌ವಾಯ್ಸಿಗೂ ಇರುವ ಅಂತರ ರೂಪಾಯಿಯಲ್ಲಿ ಕಾಣಿಸಿಕೊಳ್ಳುವುದು ಇಲ್ಲಿಯೇ. ಗುರುತಿಸುವುದು ಸುಲಭ: ಒಪ್ಪಂದದ ಮೊತ್ತವೂ ಇನ್‌ವಾಯ್ಸಿನ ತೆರಿಗೆ ಸೇರುವ ಮುಂಚಿನ ಮೊತ್ತವೂ ಒಂದೇ ಆಗಿದೆಯೇ ನೋಡಿ. ಆಗಿಲ್ಲವೆಂದರೆ ಮುಂಗಡ ಹೊರಗುಳಿದಿದೆ. ಮುಂಗಡವೂ ಇನ್‌ವಾಯ್ಸೂ ಒಂದೇ ತಿಂಗಳಿಗೆ ಸೇರಿದರೆ ಮುಂಗಡವನ್ನು ರಿಟರ್ನ್ಸ್‌ನಲ್ಲಿ ಬೇರೆ ತೋರಿಸುವ ತೊಂದರೆ ಇರುವುದಿಲ್ಲ.

ಕಾರ್ಯಕ್ರಮವೇ ರದ್ದಾಗಿ ಮುಂಗಡ ಹಿಂದಿರುಗಿಸಬೇಕಾದರೆ, ಇನ್‌ವಾಯ್ಸ್ ಇನ್ನೂ ಬರೆದಿಲ್ಲದಿದ್ದಲ್ಲಿ ರಿಫಂಡ್ ವೋಚರ್ ಕೊಡಬೇಕು. ಇನ್‌ವಾಯ್ಸ್ ಬರೆದಾಗಿದ್ದರೆ ಕ್ರೆಡಿಟ್ ನೋಟ್. ಸರಕು ಮಾರುವವರಿಗೆ ಮುಂಗಡದ ಮೇಲೆ ತೆರಿಗೆ ಕಟ್ಟುವ ಈ ತಾಪತ್ರಯ 2017ರ ನವೆಂಬರ್ 15ರಿಂದ ಇಲ್ಲ, ಅವರು ಇನ್‌ವಾಯ್ಸ್ ಬರೆದಾಗ ಕಟ್ಟಿದರೆ ಸಾಕು. ಅವರಿಗೆ ಸಿಕ್ಕ ಸಲಹೆಯನ್ನು ಸೇವೆಯವರು ಅನುಸರಿಸಬಾರದು.

ಸ್ಟುಡಿಯೊದಲ್ಲಿ ದಿನವೂ ತೆಗೆಯುವ ಪಾಸ್‌ಪೋರ್ಟ್ ಅಳತೆಯ ಫೋಟೊಗಳಿಗೂ ಒಂದೊಂದು ಬಿಲ್ ಬೇಕೇ ಎಂಬ ಅನುಮಾನ ನಿಮಗೆ ಬಂದೇ ಬರುತ್ತದೆ. ಗಿರಾಕಿ ನೋಂದಾಯಿತರಲ್ಲದೆ ಇದ್ದು, ಬಿಲ್ ಕೇಳದೆ ಇದ್ದು, ಮೊತ್ತ 200 ರೂಪಾಯಿಗಿಂತ ಕಡಿಮೆ ಇದ್ದರೆ ಪ್ರತ್ಯೇಕ ಬಿಲ್ ಬೇಡ. ಅಂಥವನ್ನೆಲ್ಲ ಸೇರಿಸಿ ದಿನದ ಕೊನೆಗೆ ಒಂದೇ ಬಿಲ್ ಆಫ್ ಸಪ್ಲೈ ಬರೆದಿಡಿ. ಗಿರಾಕಿ ಕೇಳಿದರೆ ಮಾತ್ರ ಎಷ್ಟೇ ಸಣ್ಣ ಮೊತ್ತವಾದರೂ ಕೊಡಬೇಕು.

ಕಂಪನಿಗಳು ಕೆಲಸಕ್ಕೆ ಮೊದಲು ‘ಪ್ರೊಫಾರ್ಮಾ ಇನ್‌ವಾಯ್ಸ್’ ಕೇಳುವುದುಂಟು. ಹೆಸರಿನಲ್ಲಿ ಇನ್‌ವಾಯ್ಸ್ ಇದ್ದರೂ ಅದು ದರಪಟ್ಟಿ ಮಾತ್ರ. ಅದಕ್ಕೆ ಬಿಲ್ಲಿನ ಸರಣಿಯ ಸಂಖ್ಯೆ ಹಾಕಬೇಡಿ. ನಿಮ್ಮ ಮಟ್ಟಿಗೆ ‘ದರಪಟ್ಟಿ’ ಎಂದೇ ಬರೆದು, ಕಾಂಪೊಸಿಷನ್‌ನಲ್ಲಿರುವುದರಿಂದ ಪ್ರತ್ಯೇಕ ತೆರಿಗೆ ಇಲ್ಲ ಎಂಬ ಮಾತನ್ನು ಅದರಲ್ಲೇ ಸೇರಿಸಿ. ಈ ಸಲದ ಎಳೆದಾಟ ಮುಂದಿನ ಸಲ ಕೆಲಸ ಒಪ್ಪುವ ದಿನವೇ ಬಗೆಹರಿದಿರುತ್ತದೆ.

ಹಳೆಯ ಪುಸ್ತಕದಲ್ಲಿ ಉಳಿದಿರುವ ಹಾಳೆಗಳನ್ನು ಬಳಸಿ ಮುಗಿಸೋಣ ಎಂದುಕೊಳ್ಳಬೇಡಿ. ಕೊನೆಯ ಬರೆದ ಹಾಳೆಯ ನಂತರ ಗೆರೆ ಎಳೆದು, ದಿನಾಂಕ ಹಾಕಿ ಮುಚ್ಚಿ. ಅದರಲ್ಲಿ ಬರೆದ ಮದುವೆ ಬಿಲ್‌ಗಳಲ್ಲಿ ತೆರಿಗೆ ಎಂದು ಯಾರಿಂದಲೂ ವಸೂಲು ಮಾಡಿಲ್ಲವಾದರೆ ಸರ್ಕಾರಕ್ಕೆ ಕಟ್ಟಬೇಕಾದ ಹಣದಲ್ಲಿ ವ್ಯತ್ಯಾಸವಾಗಿಲ್ಲ, ಕಾಗದದ ಹೆಸರು ಮಾತ್ರ ತಪ್ಪಾಗಿದೆ. ಒಂದೊಂದೇ ಹಾಳೆ ತಿರುವಿ, ಎಲ್ಲಾದರೂ ಜಿಎಸ್‌ಟಿ ಎಂದು ಬರೆದು ಹಣ ಸೇರಿಸಿದ್ದೀರಾ ನೋಡಿ. ಅಂಥದ್ದು ಒಂದು ಸಿಕ್ಕರೂ ಆ ಮೊತ್ತವನ್ನು ಪಟ್ಟಿ ಮಾಡಿಕೊಂಡು, ಮುಂದಿನ ಸಿಎಂಪಿ-08 ಸಲ್ಲಿಸುವ ಮೊದಲು ನಿಮ್ಮ ತೆರಿಗೆ ಸಲಹೆಗಾರರ ಮುಂದೆ ಇಡಿ. ಹಳೆಯ ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ಸ್ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹೊಸದಾಗಿ ಅಚ್ಚು ಹಾಕಿಸುವಾಗ ಎರಡು ಪುಸ್ತಕ ಹೇಳಿ: ಕಾಂಪೊಸಿಷನ್ ಘೋಷಣೆ ಮೇಲ್ಭಾಗದಲ್ಲಿರುವ ಬಿಲ್ ಆಫ್ ಸಪ್ಲೈ ಒಂದು, ರಸೀದಿ ಇನ್ನೊಂದು. ಪ್ರತಿ ಹಾಳೆಗೂ ಎರಡು ಪ್ರತಿ ಇರಲಿ, ಮೂಲಪ್ರತಿ ಗಿರಾಕಿಗೆ, ಎರಡನೆಯದು ನಿಮಗೆ.